ರೊಟ್ಟಿ ಕಡಿಯುವ ಸಪ್ಪಳಕ್ಕೆ ರೋಷ ಉಕ್ಕುವುದೇಕೆ?

ರಾಣೆಬೆನ್ನೂರಿನ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ರಾತ್ರಿ ಊಟದ ಹೊತ್ತು. ತಾಟಿನಲ್ಲಿ ಕಡಕ್ ರೊಟ್ಟಿ, ಬದನೆಕಾಯಿ ಎಣಗಾಯಿ, ಶೇಂಗಾ ಚಟ್ನಿ, ಕಡಿದು ತಿನ್ನಲು ಹಸಿ ಉಳ್ಳಾಗಡ್ಡಿ ಮತ್ತು ಸವತಿಕಾಯಿ. ಅಜ್ಜ ರೊಟ್ಟಿಯ ಒಂದು ಚೂರು ಮುರಿದು ಬಾಯಿಗಿಟ್ಟು ನಿಧಾನವಾಗಿ ಅಗಿಯುತ್ತಾರೆ. ಎದುರು ಕೂತ ಮೊಮ್ಮಗಳ ದವಡೆ ಬಿಗಿಯುತ್ತದೆ. ಪಿಯುಸಿ ಓದುವ ಹುಡುಗಿ. ಅಜ್ಜ ಎಂದರೆ ಪ್ರಾಣ. ಆದರೂ ಆ ಕರುಂ ಕರುಂ ಸಪ್ಪಳ ಕಿವಿಗೆ ಬಿದ್ದ ಎರಡು ಮೂರು ಸೆಕೆಂಡಿಗೆ ಎದೆ ಹೊಡೆದುಕೊಳ್ಳುತ್ತದೆ, ಅಂಗೈ ಬೆವರುತ್ತದೆ, ಎದ್ದು ಆ ತಾಟನ್ನು ಒಗೆದುಬಿಡಬೇಕು ಅನ್ನಿಸುತ್ತದೆ. ಒಂದು ದಿನ ತಡೆಯಲಾಗದೆ ಅಂದೇಬಿಟ್ಟಳು: "ಅಜ್ಜಾ, ಸಪ್ಪಳ ಮಾಡದಂಗ ಉಣ್ಣಾಕ ಬರೂದಿಲ್ಲೇನು?" ಅವ್ವ ಗದರಿದಳು: "ಹಿರ್‍ಯಾರಿಗೆ ಹಿಂಗ ಮಾತಾಡ್ತಾರೇನವಾ?" ಅಂದಿನಿಂದ ಹುಡುಗಿ ತಾಟು ಎತ್ತಿಕೊಂಡು ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಉಣ್ಣುತ್ತಾಳೆ.

ಅದೇ ಪಂಕ್ತಿಯಲ್ಲಿ ಅವಳ ಅಣ್ಣನೂ ಇದ್ದಾನೆ. ಹೋದ ವರ್ಷ ಗಣಪತಿ ವಿಸರ್ಜನೆಯ ಮೆರವಣಿಗೆಯಲ್ಲಿ ಡಿಜೆ ಬಾಕ್ಸಿನ ಮುಂದೆ ರಾತ್ರಿಯಿಡೀ ಕುಣಿದು ಬಂದಿದ್ದ. ಮರುದಿನದಿಂದ ಕಿವಿಯಲ್ಲಿ ಗುಂಯ್‌ಗುಡುವುದು ಶುರುವಾಯಿತು. ಈಗ ಅಜ್ಜನ ರೊಟ್ಟಿ ಅವನಿಗೆ ಏನೂ ಅನ್ನಿಸುವುದಿಲ್ಲ. ಆದರೆ ಅಡುಗೆಮನೆಯಲ್ಲಿ ಸ್ಟೀಲ್ ಡಬರಿ ಕೈಜಾರಿ ಬಿದ್ದರೆ ಕಿವಿಗೆ ಸೂಜಿ ಚುಚ್ಚಿದಂತಾಗಿ ಎರಡೂ ಕೈಯಿಂದ ಕಿವಿ ಮುಚ್ಚಿಕೊಳ್ಳುತ್ತಾನೆ. ಕುಕ್ಕರಿನ ಸೀಟಿ, ಬೈಕಿನ ಹಾರ್ನು, ಮಗು ಕಿರುಚುವುದು, ಎಲ್ಲವೂ ನೋವು.

ಮನೆಯವರು ಇಬ್ಬರಿಗೂ ಒಂದೇ ಮಾತು ಹೇಳುತ್ತಾರೆ: "ಈ ಹುಡುಗರಿಗೆ ಸಪ್ಪಳ ಅಂದ್ರ ಆಗೂದಿಲ್ಲ." ಇಬ್ಬರ ಕಿವಿಗೂ ಹತ್ತಿ ತುರುಕುತ್ತಾರೆ. ಇಲ್ಲಿಯೇ ದಾರಿ ತಪ್ಪುವುದು. ತಂಗಿಗೆ ಇರುವುದು ಮಿಸೊಫೋನಿಯಾ, ಅಣ್ಣನಿಗೆ ಇರುವುದು ಹೈಪರ್‌ಅಕ್ಯೂಸಿಸ್. ಎರಡೂ ಶಬ್ದ ಸಹಿಸಲಾಗದ ತೊಂದರೆಗಳೇ. ಆದರೆ ಅಣ್ಣನನ್ನು ಕಾಡುವುದು ಶಬ್ದದ ಜೋರು, ತಂಗಿಯನ್ನು ಕಾಡುವುದು ಅದು ಯಾವ ಶಬ್ದ, ಯಾರ ಬಾಯಿಂದ ಬಂತು ಎಂಬುದು. ಈ ಒಂದು ಭೇದ ಗೊತ್ತಾದರೆ ಪರೀಕ್ಷೆ, ಆರೈಕೆ, ಮನೆಯಲ್ಲಿ ನಡೆದುಕೊಳ್ಳುವ ರೀತಿ ಎಲ್ಲವೂ ಬೇರೆ ಬೇರೆ ಆಗುತ್ತವೆ.

ಮಿಸೊಫೋನಿಯಾ ಎಂಬ ಹೆಸರು 2001ರಲ್ಲಿ ಹುಟ್ಟಿದ್ದು. ಕಿವಿಯ ಗುಂಯ್‌ಗುಡುವಿಕೆಗೆ ಚಿಕಿತ್ಸೆ ಕೊಡುತ್ತಿದ್ದ ಅಮೆರಿಕದ ಮಾರ್ಗರೆಟ್ ಮತ್ತು ಪಾವೆಲ್ ಜಾಸ್ಟ್ರೆಬಾಫ್ ದಂಪತಿ, ಶಬ್ದ ಸಹಿಸದ ತಮ್ಮ ರೋಗಿಗಳಲ್ಲೇ ಬೇರೆಯದೊಂದು ಗುಂಪು ಇರುವುದನ್ನು ಗಮನಿಸಿದರು. ಶಬ್ದ ಎಷ್ಟು ಜೋರಾಗಿದೆ ಎಂಬುದು ಇವರಿಗೆ ಲೆಕ್ಕಕ್ಕೇ ಇರಲಿಲ್ಲ. ಪಿಸುಗುಡುವಷ್ಟು ಸಣ್ಣ ಅಗಿಯುವ ಸದ್ದಿಗೆ ಕೆರಳುವವರು, ಬಸ್ ನಿಲ್ದಾಣದ ಗದ್ದಲದಲ್ಲಿ ಆರಾಮಾಗಿ ನಿಲ್ಲುತ್ತಿದ್ದರು. ನಮ್ಮ ಹುಡುಗಿಯೂ ಹಾಗೆಯೇ. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಗೆ ಅಪ್ಪನ ಜೊತೆ ಹೋದಾಗ ಲಾರಿ ಹಾರ್ನು, ಹಮಾಲರ ಕೂಗು ಯಾವುದೂ ಅವಳನ್ನು ಮುಟ್ಟುವುದಿಲ್ಲ. ಪಕ್ಕದಲ್ಲಿ ಯಾರೋ ಚಹಾ ಸೊರ್‍ರೆಂದು ಹೀರಿದರೆ ಮಾತ್ರ ಅಲ್ಲಿಂದ ಓಡಬೇಕು ಅನ್ನಿಸುತ್ತದೆ.

ಕೆರಳಿಸುವ ಸದ್ದುಗಳಲ್ಲಿ ಹೆಚ್ಚಿನವು ಮನುಷ್ಯನ ಬಾಯಿ, ಮೂಗು, ಗಂಟಲಿನವು. ಅಗಿಯುವುದು, ಚಪ್ಪರಿಸುವುದು, ಹೀರುವುದು, ನುಂಗುವುದು, ಮೂಗು ಸೊರಗುಟ್ಟಿಸುವುದು, ಜೋರು ಉಸಿರು. ನಂತರ ಬರುವುದು ಕೈಯ ಸದ್ದುಗಳು: ಪೆನ್ನಿನ ಗುಂಡಿ ಟಕ್ ಟಕ್ ಒತ್ತುವುದು, ಬೆರಳಿನಿಂದ ಮೇಜು ಕುಟ್ಟುವುದು, ಕೀಬೋರ್ಡ್ ಬಡಿಯುವುದು. ಎಲ್ಲವೂ ಮತ್ತೆ ಮತ್ತೆ ಮರುಕಳಿಸುವಂಥವು. ಸದ್ದು ಮಾತ್ರವಲ್ಲ, ಕೆಲವರಿಗೆ ಎದುರು ಕೂತವರು ಕಾಲು ಅಲ್ಲಾಡಿಸುವುದನ್ನು ನೋಡಿದರೂ ಇದೇ ಕಿರಿಕಿರಿ. ಅದಕ್ಕೆ ಮಿಸೊಕಿನೇಶಿಯಾ ಎಂಬ ಬೇರೆ ಹೆಸರಿದೆ.

ಈ ಹುಡುಗಿಗೆ ಮೊದಲು ಬರುವುದು ನೋವಲ್ಲ, ಭಯವೂ ಅಲ್ಲ. ಸಿಟ್ಟು ಅಥವಾ ಅಸಹ್ಯ, ಅದೂ ಯೋಚನೆಗೆ ಅವಕಾಶ ಕೊಡದೆ ಬರುವಂಥದ್ದು. ಹುಡುಗಿ ಲೆಕ್ಕ ಹಾಕಿ ಸಿಟ್ಟಾಗುತ್ತಿಲ್ಲ. ಸಿಟ್ಟು ಬಂದ ಮೇಲೆ ತನಗೇ ನಾಚಿಕೆಯಾಗಿ, "ಇಷ್ಟು ಸಣ್ಣದಕ್ಕೆ ನಾನ್ಯಾಕ ಹಿಂಗ ಆಗ್ತೀನಿ?" ಎಂದು ಅಳುತ್ತಾಳೆ. ಸಾಮಾನ್ಯವಾಗಿ ಇದು ಹನ್ನೆರಡು ಹದಿಮೂರರ ಆಸುಪಾಸಿನಲ್ಲಿ ಶುರುವಾಗುತ್ತದೆ. ಆಗಾಗ್ಗೆ ಮೊದಲು ಕೆರಳಿಸುವುದು ತೀರಾ ಹತ್ತಿರದವರೊಬ್ಬರ ಸದ್ದು: ಅಪ್ಪ, ಅವ್ವ, ಅಜ್ಜ. ಅದೇ ರೊಟ್ಟಿಯನ್ನು ಎರಡು ವರ್ಷದ ತಮ್ಮ ಜೊಲ್ಲು ಸುರಿಸುತ್ತಾ ಕಡಿದರೆ ಏನೂ ಆಗುವುದಿಲ್ಲ. ಎಮ್ಮೆ ಮೆಲುಕು ಹಾಕಿದರೂ ಆಗುವುದಿಲ್ಲ. ತಾನೇ ಕಡಿದರಂತೂ ಇಲ್ಲವೇ ಇಲ್ಲ. ಹೊರಗಿನವರಿಗೆ ಇದು ನಾಟಕದಂತೆ ಕಾಣುವುದು ಇದರಿಂದಲೇ. "ನೀ ತಿಂದ್ರ ಸಪ್ಪಳ ಬರೂದಿಲ್ಲೇನು?" ಎಂದು ಕೇಳುತ್ತಾರೆ. ಆದರೆ ಹೀಗೆ ಆಯ್ದು ಆಯ್ದು ಕೆರಳುವುದೇ ಈ ತೊಂದರೆಯ ಮುಖ್ಯ ಗುರುತು.

ನಮ್ಮ ಮನೆಗಳಲ್ಲಿ ಇದಕ್ಕೆ ಇನ್ನೊಂದು ಗಂಟು ಸೇರಿಕೊಳ್ಳುತ್ತದೆ. ನಮ್ಮಲ್ಲಿ ಒಟ್ಟಿಗೆ ಕೂತು ಉಣ್ಣುವುದು ರೂಢಿ, ಹಸಿ ಉಳ್ಳಾಗಡ್ಡಿ ಕಟುಂ ಎಂದು ಕಡಿಯುವುದು, ಸಾರು ಸೊರ್‍ರೆಂದು ಹೀರುವುದು ರುಚಿ ಹತ್ತಿತು ಎಂಬುದರ ಗುರುತು. ಅದು ಯಾರ ತಪ್ಪೂ ಅಲ್ಲ. ಕಿರಿಯಳು ಹಿರಿಯರಿಗೆ ಹೇಳುವಂತೆಯೂ ಇಲ್ಲ. ಹೀಗಾಗಿ ಅವಳು ವರ್ಷಗಟ್ಟಲೆ ನುಂಗಿಕೊಳ್ಳುತ್ತಾಳೆ, ಒಂದು ದಿನ ಸಿಡಿಯುತ್ತಾಳೆ, ಸಿಡಿದ ದಿನದ ಮಾತಷ್ಟೇ ಮನೆಯವರ ನೆನಪಿನಲ್ಲಿ ಉಳಿಯುತ್ತದೆ. ಸೊಕ್ಕಿನ ಹುಡುಗಿ ಎಂಬ ಹೆಸರು ಅಂಟಿಕೊಳ್ಳುತ್ತದೆ. ಇದು ಅನ್ಯಾಯ ಎಂದೇ ನನ್ನ ಅಭಿಪ್ರಾಯ. ಅಷ್ಟು ದಿನ ಅವಳು ಸಹಿಸಿದ್ದನ್ನು ಯಾರೂ ಕಾಣುವುದಿಲ್ಲ.

ಈಗ ಅಣ್ಣನ ಕಿವಿಗೆ ಬರೋಣ. ಕಿವಿಯ ಒಳಭಾಗದ ಕೂದಲಿನಂಥ ಸೂಕ್ಷ್ಮ ಜೀವಕೋಶಗಳು ಅತಿ ಶಬ್ದಕ್ಕೆ ಪೆಟ್ಟು ತಿಂದಾಗ ಮಿದುಳಿಗೆ ಹೋಗುವ ಸಂದೇಶ ಕಡಿಮೆಯಾಗುತ್ತದೆ. ಕೇಳಿಸುವಿಕೆಯ ಪರೀಕ್ಷೆಯಲ್ಲಿ ಈ ಪೆಟ್ಟು ಕಾಣಿಸದೆಯೂ ಇರಬಹುದು. ಕಡಿಮೆಯಾದ ಸಂದೇಶವನ್ನು ಸರಿದೂಗಿಸಲು ಮಿದುಳಿನ ಶ್ರವಣ ಮಾರ್ಗ ತನ್ನ ವರ್ಧನೆಯನ್ನು ಏರಿಸಿಕೊಳ್ಳುತ್ತದೆ ಎಂಬುದು ಇಂದು ಹೆಚ್ಚು ಮಂದಿ ಸಂಶೋಧಕರು ಒಪ್ಪುವ ವಿವರಣೆ. ದೂರದ ಸ್ಟೇಷನ್ ಸಣ್ಣಗೆ ಕೇಳುತ್ತಿದೆಯೆಂದು ರೇಡಿಯೊದ ವಾಲ್ಯೂಮ್ ಪೂರ್ತಿ ತಿರುಗಿಸಿಟ್ಟರೆ, ಹತ್ತಿರದ ಸ್ಟೇಷನ್ ಸಿಕ್ಕ ಕೂಡಲೇ ಮನೆ ಅದುರುವುದಿಲ್ಲವೇ, ಹಾಗೆ. ಆದ್ದರಿಂದ ಅವನಿಗೆ ಯಾವ ಶಬ್ದ ಎಂಬ ಭೇದವಿಲ್ಲ. ಡಬರಿ ಅವ್ವನ ಕೈಯಿಂದ ಬಿದ್ದರೂ ಒಂದೇ, ತನ್ನ ಕೈಯಿಂದ ಬಿದ್ದರೂ ಒಂದೇ. ಜೋರಾಗಿದ್ದರೆ ನೋವು.

ಅತಿ ಶಬ್ದವೊಂದೇ ಇದಕ್ಕೆ ಕಾರಣವಲ್ಲ. ತಲೆಗೆ ಪೆಟ್ಟು ಬಿದ್ದಾಗ, ಮೈಗ್ರೇನ್ ಇರುವವರಲ್ಲಿ, ವಿಲಿಯಮ್ಸ್ ಸಿಂಡ್ರೋಮ್ ಎಂಬ ಹುಟ್ಟಿನಿಂದ ಬರುವ ಸ್ಥಿತಿಯಲ್ಲಿಯೂ ಹೈಪರ್‌ಅಕ್ಯೂಸಿಸ್ ಕಾಣುತ್ತದೆ. ಇನ್ನೊಂದು ಕಾರಣವನ್ನು ತಿಳಿದಿರುವುದು ಒಳ್ಳೆಯದು. ನಡುಗಿವಿಯಲ್ಲಿ ಸ್ಟೆಪೀಡಿಯಸ್ ಎಂಬ ಬಲು ಚಿಕ್ಕ ಸ್ನಾಯುವಿದೆ. ಜೋರು ಶಬ್ದ ಬಂದಾಗ ಅದು ಬಿಗಿದು, ಒಳಗಿವಿಗೆ ಹೋಗುವ ಕಂಪನವನ್ನು ತಗ್ಗಿಸುತ್ತದೆ. ಅದನ್ನು ನಡೆಸುವ ನರ ಮುಖದ ನರವೇ. ಆದ್ದರಿಂದ ಒಂದು ಬದಿಯ ಮುಖ ಸೊಟ್ಟಗಾಗಿ, ಅದೇ ಬದಿಯ ಕಿವಿಗೆ ಶಬ್ದ ಇದ್ದಕ್ಕಿದ್ದಂತೆ ಜೋರಾಗಿ ಕೇಳತೊಡಗಿದರೆ ಅದು ಆ ನರದ ತೊಂದರೆಯ ಸೂಚನೆ. ಮುಖ ಸೊಟ್ಟಗಾದಾಗ ಗಾಳಿ ಬಡಿದಿದೆ, ಸೋಕು ಎಂದು ಕೂರದೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಒಂದೇ ಕಿವಿಗೆ ಏಕಾಏಕಿ ಕೇಳಿಸದಂತಾದರೆ, ಜೊತೆಗೆ ತಲೆ ಸುತ್ತು ಬಂದರೆ ಆಗಲೂ ತಡಮಾಡುವಂತಿಲ್ಲ.

ಎರಡನ್ನೂ ಬೇರ್ಪಡಿಸುವ ಪರೀಕ್ಷೆ ಸರಳ. ಅಣ್ಣ ತಂಗಿ ಇಬ್ಬರೂ ದಾವಣಗೆರೆಯಲ್ಲೋ ಹುಬ್ಬಳ್ಳಿಯಲ್ಲೋ ಒಬ್ಬ ಆಡಿಯಾಲಜಿಸ್ಟರ ಬಳಿ ಹೋದರೆಂದು ಇಟ್ಟುಕೊಳ್ಳಿ. ಸದ್ದು ಒಳಬರದ ಸಣ್ಣ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಮೊದಲು ಎಷ್ಟು ಸಣ್ಣ ಸದ್ದು ಕೇಳಿಸುತ್ತದೆ ಎಂದು ನೋಡುತ್ತಾರೆ. ಇಬ್ಬರ ಆಡಿಯೋಗ್ರಾಮೂ ಹೆಚ್ಚುಕಡಿಮೆ ಸರಿಯಾಗಿಯೇ ಬರಬಹುದು. ಇಲ್ಲಿಗೇ ನಿಲ್ಲಿಸಿ "ಕಿವಿ ಚೆನ್ನಾಗಿದೆ, ಹೋಗಿ" ಎಂದು ಕಳಿಸಿದರೆ ಎರಡೂ ತೊಂದರೆಗಳು ಕೈತಪ್ಪುತ್ತವೆ. ಹಾಗೆ ಕೈತಪ್ಪುವುದೇ ಹೆಚ್ಚು.

ಮುಂದಿನ ಹೆಜ್ಜೆ ಶಬ್ದ ಅಸಹನೀಯವಾಗುವ ಮಟ್ಟವನ್ನು ಅಳೆಯುವುದು. 500, 1000, 2000, 4000 ಹರ್ಟ್ಸ್ ಹೀಗೆ ಬೇರೆ ಬೇರೆ ಸ್ವರಗಳನ್ನು ಒಂದೊಂದಾಗಿ ಕೇಳಿಸಿ, ಸಣ್ಣ ಮಟ್ಟದಿಂದ 5 ಡೆಸಿಬಲ್‌ನಂತೆ ಏರಿಸುತ್ತಾ ಹೋಗುತ್ತಾರೆ. "ಇನ್ನು ಸಾಕು, ಇದಕ್ಕಿಂತ ಜೋರು ಬೇಡ" ಎಂದು ಕೈ ಎತ್ತಿದಲ್ಲಿಗೆ ನಿಲ್ಲಿಸಿ ಗುರುತು ಹಾಕುತ್ತಾರೆ. ಸಾಮಾನ್ಯ ಕಿವಿ 100 ಡೆಸಿಬಲ್‌ನ ಆಸುಪಾಸಿನವರೆಗೂ ತಡೆಯುತ್ತದೆ. ನಾವು ಎದುರೆದುರು ಕೂತು ಆಡುವ ಮಾತು ಸುಮಾರು 60 ಡೆಸಿಬಲ್ ಎಂದು ನೆನಪಿಟ್ಟರೆ ಈ ಅಂಕಿ ಅರ್ಥವಾಗುತ್ತದೆ. ತಂಗಿ 95, 100ರವರೆಗೆ ಆರಾಮಾಗಿ ಕೂತಿರುತ್ತಾಳೆ. ಅಣ್ಣ 70ಕ್ಕೇ ಕೈ ಎತ್ತುತ್ತಾನೆ, ಅದೂ ಸ್ವರ ಯಾವುದಾದರೂ. ಅಂದರೆ ಮಾತಿನ ಮಟ್ಟ ದಾಟಿ ಸ್ವಲ್ಪ ಹೋದರೆ ಅವನಿಗೆ ನೋವು ಶುರು. ಇದು ಹೈಪರ್‌ಅಕ್ಯೂಸಿಸ್. ಎಲ್ಲಿ ಗೆರೆ ಎಳೆಯಬೇಕು ಎಂಬುದು ಕೇಂದ್ರದಿಂದ ಕೇಂದ್ರಕ್ಕೆ ಸ್ವಲ್ಪ ಬದಲಾಗುತ್ತದೆ, ಆದರೆ ಇಂಥ ಅಂಕಿ ನೋಡಿ ಯಾರೂ ಗೊಂದಲಪಡುವುದಿಲ್ಲ. ನೋವಿರುವವರಿಗೆ ಈ ಪರೀಕ್ಷೆಯನ್ನು ತೀರಾ ಮೆಲ್ಲಗೆ ಶುರು ಮಾಡಬೇಕು. ಅವಸರದಲ್ಲಿ ಜೋರು ಸ್ವರ ಕೊಟ್ಟರೆ ಪರೀಕ್ಷೆಯೇ ಪೆಟ್ಟಾಗಬಹುದು. ಹೋಗುವ ಮುನ್ನವೇ ಈ ಮಾತನ್ನು ಹೇಳಿಡುವುದು ಒಳ್ಳೆಯದು.

ತಂಗಿಯ ತೊಂದರೆ ಈ ಯಂತ್ರದಲ್ಲಿ ಕಾಣುವುದೇ ಇಲ್ಲ, ಏಕೆಂದರೆ ಯಂತ್ರದ ಶುದ್ಧ ಸ್ವರ ಯಾರ ಬಾಯಿಯದೂ ಅಲ್ಲ. ಅವಳದನ್ನು ಪ್ರಶ್ನೆ ಕೇಳಿಯೇ ತಿಳಿಯಬೇಕು: ಯಾವ ಸದ್ದು, ಯಾರದು, ಮೊದಲು ಏನಾಗುತ್ತದೆ, ಆ ಸದ್ದು ಬರಬಹುದೆಂಬ ಅಂಜಿಕೆಯಿಂದ ಏನೇನು ಬಿಟ್ಟಿದ್ದೀಯ? ಕೊನೆಯ ಪ್ರಶ್ನೆಗೆ ತೂಕ ಹೆಚ್ಚು. ಯಾರಾದರೂ ಚಪ್ಪರಿಸಿದರೆ ಮುಖ ಹಿಂಡುವವರು ನಮ್ಮಲ್ಲಿ ಬಹಳ ಜನ, ಅವರೆಲ್ಲ ರೋಗಿಗಳಲ್ಲ. ಮನೆಮಂದಿಯ ಜೊತೆ ಉಣ್ಣುವುದನ್ನು ಬಿಟ್ಟಾಗ, ಪರೀಕ್ಷಾ ಕೋಣೆಯಲ್ಲಿ ಹಿಂದಿನ ಬೆಂಚಿನ ಪೆನ್ನಿನ ಸದ್ದಿಗೆ ಪ್ರಶ್ನೆಪತ್ರಿಕೆಯೇ ಮರೆತಾಗ, ಮದುವೆ ಮನೆಯ ಊಟ ತಪ್ಪಿಸಿಕೊಳ್ಳತೊಡಗಿದಾಗ ಅದು ತೊಂದರೆ. ಎರಡೂ ಒಬ್ಬರಲ್ಲೇ ಇರುವುದೂ ಉಂಟು ಎಂಬುದನ್ನು ಪರೀಕ್ಷಿಸುವವರು ಮರೆಯಬಾರದು.

ಈ ಸಿಟ್ಟು ಮಿದುಳಿನಲ್ಲಿ ಎಲ್ಲಿಂದ ಏಳುತ್ತದೆ? ಬ್ರಿಟನ್ನಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದ ಸುಖ್‌ಬಿಂದರ್ ಕುಮಾರ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಮೊದಲ ಗಟ್ಟಿ ಉತ್ತರ ಕೊಟ್ಟಿತು. ಮಿಸೊಫೋನಿಯಾ ಇರುವ 20 ಜನ, ಇಲ್ಲದ 22 ಜನ. ಎಲ್ಲರನ್ನೂ ಎಂಆರ್‌ಐ ಯಂತ್ರದೊಳಗೆ ಮಲಗಿಸಿ ಮೂರು ಬಗೆಯ ಸದ್ದು ಕೇಳಿಸಿದರು. ಮಳೆಯಂಥ ತಟಸ್ಥ ಸದ್ದು, ಮಗುವಿನ ಅಳುವಿನಂಥ ಯಾರಿಗೂ ಹಿತವಲ್ಲದ ಸದ್ದು, ಅಗಿಯುವ ಮತ್ತು ಉಸಿರಾಡುವಂಥ ಕೆರಳಿಸುವ ಸದ್ದು. ಮೊದಲ ಎರಡಕ್ಕೆ ಎರಡೂ ಗುಂಪಿನವರು ಒಂದೇ ರೀತಿ ಪ್ರತಿಕ್ರಿಯಿಸಿದರು. ಮೂರನೆಯದಕ್ಕೆ ಮಾತ್ರ ಮಿಸೊಫೋನಿಯಾ ಇರುವವರ ಹೃದಯ ಬಡಿತ ಏರಿತು, ಚರ್ಮ ಬೆವರಿತು, ಮಿದುಳಿನಲ್ಲಿ ಇನ್ಸುಲಾ ಎಂಬ ಜಾಗದ ಮುಂಭಾಗ ಅತಿಯಾಗಿ ಚುರುಕಾಯಿತು. ಸುತ್ತಲಿನ ನೂರು ಸಂಗತಿಗಳಲ್ಲಿ ಯಾವುದಕ್ಕೆ ಈಗ ಗಮನ ಕೊಡಬೇಕು ಎಂದು ಆರಿಸುವುದು ಈ ಜಾಗದ ಕೆಲಸ. ಅಲ್ಲಿ ಅಜ್ಜನ ರೊಟ್ಟಿಯ ಸದ್ದಿಗೆ ಹಾವಿನ ಬುಸುಗುಟ್ಟುವಿಕೆಗೆ ಸಿಗಬೇಕಾದ ಪ್ರಾಶಸ್ತ್ಯ ಸಿಕ್ಕಿಬಿಡುತ್ತದೆ. ಮಗುವಿನ ಅಳುವಿಗೆ ಎರಡೂ ಗುಂಪಿಗೆ ವ್ಯತ್ಯಾಸ ಕಾಣಲಿಲ್ಲ ಎಂಬುದನ್ನು ಗಮನಿಸಿ. ಇದು ಒಟ್ಟಾರೆ ಶಬ್ದದ ಅಸಹನೆಯಲ್ಲ ಎಂಬುದಕ್ಕೆ ಅದೇ ಸಾಕ್ಷಿ.

ಅದೇ ತಂಡ 2021ರಲ್ಲಿ ಇನ್ನೊಂದು ಸಂಗತಿ ಹೇಳಿತು. ಮಿಸೊಫೋನಿಯಾ ಇರುವವರಲ್ಲಿ ಶ್ರವಣದ ಭಾಗಕ್ಕೂ, ಬಾಯಿ, ದವಡೆ, ಗಂಟಲನ್ನು ಆಡಿಸುವ ಚಲನೆಯ ಭಾಗಕ್ಕೂ ನಡುವಿನ ಸಂಪರ್ಕ ಹೆಚ್ಚು ಬಲವಾಗಿರುತ್ತದೆ. ಅಜ್ಜ ಅಗಿದಾಗ ಹುಡುಗಿಯ ಮಿದುಳಿನಲ್ಲಿ ಅವಳದೇ ದವಡೆಯ ಜಾಗ ಎಚ್ಚರಗೊಳ್ಳುತ್ತದೆ. ತನ್ನ ಅಪ್ಪಣೆಯಿಲ್ಲದೆ ಬೇರೊಬ್ಬರ ಚಲನೆ ತನ್ನೊಳಗೆ ನುಗ್ಗಿದಂಥ ಭಾವ ಇದರಿಂದ ಬರಬಹುದು ಎಂಬುದು ಅವರ ಊಹೆ. ಇದು ಇನ್ನೂ ಊಹೆಯೇ. ಆದರೆ ಕೆಲವರು ಎದುರಿನವರು ಅಗಿಯುವ ಲಯದಲ್ಲೇ ತಾವೂ ಅಗಿದು ಸಮಾಧಾನ ಪಡೆಯುವುದೇಕೆ ಎಂಬುದು ಇದರಿಂದ ಅರ್ಥವಾಗುತ್ತದೆ. ಮನೆಯವರಿಗೆ ಅದು ಅಣಕದಂತೆ ಕಾಣುತ್ತದೆ. ಅಣಕವಲ್ಲ.

ಸದ್ದಿಗೆ ನಾವು ಕೊಡುವ ಅರ್ಥ ಎಷ್ಟು ಮುಖ್ಯ ಎಂಬುದನ್ನು ಅಮೆರಿಕದ ಕೆಲವು ಸಂಶೋಧಕರು 2019ರಲ್ಲಿ ಪ್ರಕಟಿಸಿದ ಪ್ರಯೋಗದಿಂದ ತೋರಿಸಿದ್ದಾರೆ. ಕೇಳಲಾಗದಂಥ ಒಂದು ಸದ್ದನ್ನು ಅದರ ಅಸಲಿ ದೃಶ್ಯದ ಜೊತೆ ಒಮ್ಮೆ, ಹಿತವಾದ ಬೇರೊಂದು ದೃಶ್ಯದ ಜೊತೆ ಇನ್ನೊಮ್ಮೆ ಹೊಂದಿಸಿ ತೋರಿಸಿದರು. ಸದ್ದು ಅದೇ. ಆದರೆ ಎರಡನೆಯ ಸಲ ಅದು ಅಷ್ಟು ಕೆಟ್ಟದ್ದು ಅನ್ನಿಸಲಿಲ್ಲ. ಡಬರಿ ಬಿದ್ದ ಸದ್ದಿಗೆ ಯಾವ ಹಿತವಾದ ಚಿತ್ರ ತೋರಿಸಿದರೂ ಅಣ್ಣನ ಕಿವಿಯ ನೋವು ಹೋಗುವುದಿಲ್ಲ. ತಂಗಿಯ ಆರೈಕೆಗೆ ಮಾತ್ರ ಇಲ್ಲೊಂದು ಬಾಗಿಲು ತೆರೆಯುತ್ತದೆ.

ಇದು ದೂರದ ದೇಶದವರ ಕಾಯಿಲೆ ಎಂದುಕೊಳ್ಳಬೇಡಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ಸಂಶೋಧಕರು ಮೈಸೂರು ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಲ್ಲಿ ನಡೆಸಿದ ಸಮೀಕ್ಷೆ 2022ರಲ್ಲಿ ಪ್ರಕಟವಾಯಿತು. ನಮ್ಮ ಕಾಲೇಜುಗಳಲ್ಲೂ ಇದು ಅಪರೂಪವಲ್ಲ ಎಂದು ಅದು ತೋರಿಸಿತು. ಅದೇ 2022ರಲ್ಲಿ ಹಲವು ತಜ್ಞರು ಕೂಡಿ ಮಿಸೊಫೋನಿಯಾಕ್ಕೆ ಒಪ್ಪಿತ ವ್ಯಾಖ್ಯೆಯೊಂದನ್ನು ಬರೆದರು. ಆದರೂ ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲಾಗಲಿ, ಮನೋವೈದ್ಯರು ಬಳಸುವ ಅಮೆರಿಕದ ಕೈಪಿಡಿಯಲ್ಲಾಗಲಿ ಇದಕ್ಕೆ ಇನ್ನೂ ಪ್ರತ್ಯೇಕ ಜಾಗವಿಲ್ಲ. ಆದ್ದರಿಂದ ನಿಮ್ಮ ಊರಿನ ಡಾಕ್ಟರು ಈ ಹೆಸರು ಕೇಳಿರದಿದ್ದರೆ ಅಚ್ಚರಿಪಡಬೇಕಾಗಿಲ್ಲ. ಹೆಸರು ಹೇಳುವುದಕ್ಕಿಂತ ಮೇಲೆ ಹೇಳಿದ ಲಕ್ಷಣಗಳನ್ನು ಒಂದೊಂದಾಗಿ ವಿವರಿಸಿದರೆ ಕೆಲಸವಾಗುತ್ತದೆ.

ಮನೆಮದ್ದಿನಲ್ಲಿ ಎರಡು ತಪ್ಪು ಹೆಚ್ಚು ನಡೆಯುತ್ತವೆ. ಒಂದು, ಕಿವಿಗೆ ಹಗಲು ರಾತ್ರಿ ಹತ್ತಿ ಅಥವಾ ಇಯರ್‌ಪ್ಲಗ್. ಅಮೆರಿಕದ ಸಂಶೋಧಕರ ತಂಡವೊಂದು 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕಿವಿ ಸರಿಯಿರುವ ಜನರೇ ಎರಡು ವಾರ ಇಯರ್‌ಪ್ಲಗ್ ಹಾಕಿಕೊಂಡಿದ್ದರು. ಇನ್ನೊಂದು ಸರದಿಯಲ್ಲಿ ಎರಡು ವಾರ ಸಣ್ಣಗೆ ಸುಯ್‌ಗುಡುವ ಸದ್ದಿನ ಉಪಕರಣ ಹಾಕಿಕೊಂಡಿದ್ದರು. ಪ್ಲಗ್ ಹಾಕಿದ ಮೇಲೆ ಮೊದಲಿನದೇ ಶಬ್ದಗಳು ಹೆಚ್ಚು ಜೋರೆನಿಸಿದವು, ಸಣ್ಣ ಸದ್ದಿನಲ್ಲಿದ್ದ ಮೇಲೆ ಕಡಿಮೆ ಜೋರೆನಿಸಿದವು. ನಿಶ್ಶಬ್ದದಲ್ಲಿಟ್ಟಷ್ಟೂ ಮಿದುಳು ವರ್ಧನೆಯನ್ನು ಇನ್ನೂ ಏರಿಸುತ್ತದೆ. ಹಾಗಾಗಿ ಅಣ್ಣ ಮೆರವಣಿಗೆ, ಪಟಾಕಿ, ಹಿಟ್ಟಿನ ಗಿರಣಿಯಂಥ ನಿಜವಾಗಿಯೂ ಜೋರಿರುವ ಜಾಗದಲ್ಲಿ ಪ್ಲಗ್ ಹಾಕಬೇಕು. ಮನೆಯಲ್ಲಿ, ಅಂಗಡಿಯಲ್ಲಿ ತೆಗೆಯಬೇಕು. ಅವನ ಚಿಕಿತ್ಸೆಯೇ ತಿಂಗಳುಗಟ್ಟಲೆ ಸಣ್ಣ ಹಿತವಾದ ಸದ್ದಿನಲ್ಲಿ ಕಿವಿಯನ್ನು ಮತ್ತೆ ಪಳಗಿಸುವುದು, ಮಟ್ಟವನ್ನು ಚೂರು ಚೂರೇ ಏರಿಸುವುದು, ಜೊತೆಗೆ ಭಯ ಇಳಿಸುವ ಮಾತುಕತೆ.

ಇನ್ನೊಂದು ತಪ್ಪು, ತಂಗಿಯನ್ನು ಹಟದಿಂದ ಕೂರಿಸುವುದು. "ದಿನಾ ಕೇಳಿದ್ರ ರೂಢಿ ಆಗ್ತೈತಿ" ಎಂದು ಅಜ್ಜನ ಎದುರೇ ಉಣ್ಣಲು ಹಾಕುತ್ತಾರೆ. ಅಣ್ಣನಂಥವರಿಗೆ ಅಳತೆಯಲ್ಲಿ ಕೆಲಸ ಮಾಡುವ ಈ ರೂಢಿ, ತಂಗಿಗೆ ಹೀಗೆ ಬಲವಂತವಾಗಿ ಮಾಡಿಸಿದರೆ ಆ ಸದ್ದಿಗೂ ಸಿಟ್ಟಿಗೂ ಇರುವ ನಂಟನ್ನು ಇನ್ನಷ್ಟು ಗಟ್ಟಿ ಮಾಡಬಹುದು. ಅವಳು ಕೇಳಿ ಕೇಳಿ ರೂಢಿಯಾಗುವುದಿದ್ದರೆ ಇಷ್ಟು ವರ್ಷದ ಊಟದಲ್ಲಿ ಯಾವಾಗಲೋ ಆಗಿರುತ್ತಿತ್ತು.

ತಂಗಿಗೆ ಇದುವರೆಗೆ ಹೆಚ್ಚು ಸರಿಯಾಗಿ ಪರೀಕ್ಷಿಸಲ್ಪಟ್ಟ ಆರೈಕೆ ಎಂದರೆ ಆಮ್‌ಸ್ಟರ್‌ಡ್ಯಾಮಿನ ಮನೋವೈದ್ಯರು ರೂಪಿಸಿದ ಅರಿವು–ವರ್ತನೆ ಚಿಕಿತ್ಸೆ. 54 ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ವಾರಕ್ಕೊಮ್ಮೆಯಂತೆ ಮೂರು ತಿಂಗಳು ಚಿಕಿತ್ಸೆ ಕೊಟ್ಟರು, ಇನ್ನೊಂದನ್ನು ಸರದಿಯಲ್ಲಿ ಕಾಯಿಸಿದರು. ಚಿಕಿತ್ಸೆ ಪಡೆದವರಲ್ಲಿ 37 ಪ್ರತಿಶತ ಮಂದಿಗೆ ಕಣ್ಣಿಗೆ ಕಾಣುವ ಸುಧಾರಣೆಯಾಯಿತು, ಕಾದವರಲ್ಲಿ ಒಬ್ಬರಿಗೂ ಆಗಲಿಲ್ಲ. ಒಂದು ವರ್ಷದ ಮೇಲೂ ಆ ಲಾಭ ಉಳಿದಿತ್ತು. 37 ಎಂದರೆ ಅರ್ಧಕ್ಕಿಂತ ಕಡಿಮೆ, ಅದನ್ನು ಮುಚ್ಚಿಡುವುದು ಬೇಡ. ಆದರೆ ಸೊನ್ನೆಗಿಂತ ಬಹಳ ದೊಡ್ಡದು.

ಅಲ್ಲಿ ಕಲಿಸುವುದರಲ್ಲಿ ಒಂದು ಭಾಗ, ಗಮನವನ್ನು ಬೇಕೆಂದೇ ಬೇರೆ ಕೆಲಸದ ಮೇಲೆ ನಿಲ್ಲಿಸುವ ಅಭ್ಯಾಸ. ಇನ್ನೊಂದು, ಮೈಯ ಬಿಗಿತ ಇಳಿಸುವುದು: ದವಡೆ, ಹೆಗಲು, ಮುಷ್ಟಿಯನ್ನು ಬೇಕೆಂದೇ ಬಿಗಿದು ಸಡಿಲಿಸುವುದು. ಮೂರನೆಯದು ನನಗೆ ಬಲು ಆಸಕ್ತಿಯದು. ಕೆರಳಿಸುವ ಸದ್ದನ್ನು ಧ್ವನಿಮುದ್ರಿಸಿ ಕಂಪ್ಯೂಟರಿನಲ್ಲಿ ಅದರ ಸ್ಥಾಯಿ ಬದಲಿಸುವುದು, ವೇಗ ಹೆಚ್ಚು ಕಡಿಮೆ ಮಾಡುವುದು. ನಮ್ಮ ಹುಡುಗಿಯಾದರೆ ರೊಟ್ಟಿ ಕಡಿಯುವ ಸದ್ದನ್ನು ಮೊಬೈಲಿನಲ್ಲಿ ಹಿಡಿದು, ನಿಧಾನಗೊಳಿಸಿ, ಒಣ ಎಲೆಯ ಮೇಲೆ ನಡೆವ ಸದ್ದಾಗಿಸಬಹುದು, ತನ್ನಿಷ್ಟದ ದೃಶ್ಯವೊಂದಕ್ಕೆ ಜೋಡಿಸಬಹುದು. ಇಲ್ಲಿ ಸದ್ದು ಅವಳ ಕೈಯಲ್ಲಿದೆ, ಎಲ್ಲಿ ನಿಲ್ಲಿಸಬೇಕೆಂಬುದೂ ಅವಳದೇ ಇಷ್ಟ. ಬಲವಂತವಾಗಿ ಕೂರಿಸುವುದಕ್ಕೂ ಇದಕ್ಕೂ ಇರುವ ಅಂತರ ಇದೇ. ಇದನ್ನೂ ಆಪ್ತಸಮಾಲೋಚಕರ ಜೊತೆಗೇ ಶುರು ಮಾಡುವುದು ಕ್ಷೇಮ.

ಚಿಕಿತ್ಸೆಗೆ ಕಾಯುವಾಗಲೂ ಊಟದ ಹೊತ್ತನ್ನು ಸಹನೀಯ ಮಾಡಿಕೊಳ್ಳಬಹುದು. ಪಡಸಾಲೆಯಲ್ಲಿ ಫ್ಯಾನು ಹಾಕಿ, ಸಣ್ಣಗೆ ರೇಡಿಯೊ ಹಚ್ಚಿ. ಪೂರ್ತಿ ಮೌನದಲ್ಲಿ ಅಗಿಯುವ ಸದ್ದು ಎದ್ದು ಕೇಳುತ್ತದೆ, ಹಿನ್ನೆಲೆಯಲ್ಲಿ ಸದ್ದಿದ್ದರೆ ಅದು ಕರಗುತ್ತದೆ. ಹುಡುಗಿ ಅಜ್ಜನ ಎದುರು ಕೂರದೆ ಅದೇ ಸಾಲಿನಲ್ಲಿ ಕೂರಲಿ, ಆಗ ಬಾಯಿ ಆಡುವುದು ಕಣ್ಣಿಗೆ ಬೀಳುವುದಿಲ್ಲ. ಅಜ್ಜನಿಗೆ ರೊಟ್ಟಿ ಬಿಡಿಸಬೇಕಿಲ್ಲ. ಕೆಲವೊಮ್ಮೆ ಬಿಸಿ ಮೆತ್ತನೆ ರೊಟ್ಟಿ ಬಡಿದರೆ ಇಬ್ಬರಿಗೂ ಅನುಕೂಲ. ತಡೆಯಲಾಗದಾಗ ಎರಡು ನಿಮಿಷ ಎದ್ದು ಹೋಗಿ ಬರಲು ಅವಳಿಗೆ ಮೊದಲೇ ಒಪ್ಪಿಗೆ ಇರಲಿ, ಹೋದಾಗ ಯಾರೂ "ಶುರು ಆತು ನೋಡ್ರಿ" ಅನ್ನಬಾರದು. ಆದರೆ ಸಿಟ್ಟು ಬಂದಾಗ ಬೈಯುವ ಹಕ್ಕು ಅವಳಿಗೂ ಇಲ್ಲ. ಸಿಟ್ಟು ಬರುವುದು ಅವಳ ಕೈಯಲ್ಲಿಲ್ಲ, ಮಾತು ಇದೆ. ಈ ಮಾತನ್ನು ಉಣ್ಣುವಾಗ ಹೇಳಬೇಡಿ, ಮನೆ ತಣ್ಣಗಿರುವ ಬೇರೆ ಹೊತ್ತಿನಲ್ಲಿ ಅಜ್ಜನನ್ನೂ ಕೂರಿಸಿಕೊಂಡು ಆಡಿ. "ಅಜ್ಜಾ, ನಿಮ್ಮ ಮ್ಯಾಲ ಸಿಟ್ಟಲ್ಲ, ಆ ಸಪ್ಪಳ ಕೇಳಿದ್ರ ನನ್ನ ತಲಿ ಹಂಗ ಮಾಡ್ತೈತಿ" ಎಂದು ಅವಳೇ ಹೇಳುವಂತಾದರೆ ಅರ್ಧ ಜಗಳ ಕಡಿಮೆಯಾಗುತ್ತದೆ.

ಹಾವೇರಿ ಜಿಲ್ಲೆಯ ಓದುಗರು ಮೊದಲು ಕಿವಿ, ಮೂಗು, ಗಂಟಲಿನ ಡಾಕ್ಟರಿಗೆ ತೋರಿಸಿ, ಆಡಿಯಾಲಜಿಸ್ಟರ ಬಳಿ ಶಬ್ದ ಅಸಹನೀಯವಾಗುವ ಮಟ್ಟವನ್ನೂ ಅಳೆಯಿರಿ ಎಂದು ಕೇಳಿ ಮಾಡಿಸಿಕೊಳ್ಳಿ. ಆ ಮಟ್ಟ ಇಳಿದಿದ್ದರೆ ಆರೈಕೆ ಅಲ್ಲಿಯೇ ಮುಂದುವರಿಯಲಿ, ಹೆಚ್ಚಿನ ಪರೀಕ್ಷೆಗೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ ಇದೆ. ಮಟ್ಟ ಸರಿಯಿದ್ದೂ ಸಿಟ್ಟು ನಿಲ್ಲದಿದ್ದರೆ ಧಾರವಾಡದ ಡಿಮ್ಹಾನ್ಸ್ ಅಥವಾ ಬೆಂಗಳೂರಿನ ನಿಮ್ಹಾನ್ಸ್‌ನ ಮನೋವಿಜ್ಞಾನಿಗಳನ್ನು ಕಾಣಿ. ಊರು ಬಿಟ್ಟು ಹೋಗಲು ಆಗದವರು ಟೆಲಿಮಾನಸ್‌ನ 14416ಕ್ಕೆ ಕರೆ ಮಾಡಬಹುದು. ಅದು ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ.